ಜ್ವರ ಇಳಿದ ಮೇಲೂ ಮಗುವಿನ ಉಸಿರು ಎಣಿಸಿ: ಪೋಷಕರಿಗೆ ಪತ್ರ

ಪೋಷಕರೆಲ್ಲರಿಗೂ ನಮಸ್ಕಾರ.

ಈ ವಾರ ಮೂರನೇ ಮತ್ತು ನಾಲ್ಕನೇ ತರಗತಿಯ ಬೆಂಚುಗಳು ಅರ್ಧ ಖಾಲಿ ಇವೆ. ಫೋನ್ ಮಾಡಿ ವಿಚಾರಿಸಿದರೆ ಎಲ್ಲ ಮನೆಯಲ್ಲೂ ಒಂದೇ ಮಾತು: ಜ್ವರ, ಕೆಮ್ಮು, ಮೈಕೈ ನೋವು. ಇದು ಫ್ಲೂ ಅಂತ ಡಾಕ್ಟರು ಹೇಳುತ್ತಿದ್ದಾರೆ. ನಮ್ಮ ಕಡೆ ಮಳೆಗಾಲದಲ್ಲಿ ಒಂದು ಸಲ, ಜನವರಿಯಿಂದ ಮಾರ್ಚ್ ನಡುವೆ ಇನ್ನೊಂದು ಸಲ ಇದು ಜೋರಾಗುತ್ತದೆ. ಹೆಚ್ಚಿನ ಮಕ್ಕಳು ಮನೆಯಲ್ಲೇ ಮಲಗಿ, ಗಂಜಿ ಕುಡಿದು, ಒಂದು ವಾರದಲ್ಲಿ ಎದ್ದು ಓಡಾಡುತ್ತಾರೆ. ಕೆಮ್ಮು ಮಾತ್ರ ಎರಡು ವಾರ ಉಳಿಯಬಹುದು, ಅದಕ್ಕೆ ಗಾಬರಿ ಬೇಡ. ಆದರೆ ಎಲ್ಲೋ ಒಂದು ಮಗುವಿಗೆ ಇದು ಬೇರೆ ದಾರಿ ಹಿಡಿಯುತ್ತದೆ. ಆ ಮಗುವನ್ನು ಗುರುತಿಸುವುದು ಹೇಗೆ ಅಂತ ಹೇಳುವುದಕ್ಕೇ ಈ ಪತ್ರ. ನಾನು ಡಾಕ್ಟರ್ ಅಲ್ಲ. ಡಾಕ್ಟರ ಹತ್ತಿರ ಕೂತು ಕೇಳಿ ಬರೆದುಕೊಂಡದ್ದನ್ನು, ಹಿಂದೆ ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಮೂರನೇ ತರಗತಿಯ ಹುಡುಗನೊಬ್ಬನಿಗೆ ಹೀಗೇ ಆಯಿತು. ಎಂಟು ವರ್ಷ, ಗಟ್ಟಿಮುಟ್ಟಾದ ಮಗು. ಸೋಮವಾರ ಸಂಜೆ 103 ಡಿಗ್ರಿ ಜ್ವರ ಬಂತು. ಮಂಗಳವಾರ, ಬುಧವಾರ ಹಾಗೇ ಇತ್ತು. ಗುರುವಾರ ಬಿಟ್ಟಿತು. ಶುಕ್ರವಾರ ಹಟ ಮಾಡಿ ಶಾಲೆಗೆ ಬಂದ. ಆಗ ನಮ್ಮಲ್ಲಿ ಪೂರ್ತಿ ಹಾಜರಿಗೆ ಬಹುಮಾನ ಇತ್ತು, ಇನ್ನೂ ರಜೆ ಹಾಕಿದರೆ ಬೈತಾರೇನೋ ಅನ್ನೋ ಹೆದರಿಕೆ ಅವನಿಗೆ. ಶನಿವಾರ ರಾತ್ರಿ ಮತ್ತೆ ನಡುಕ ಬಂದು ಜ್ವರ ಏರಿತು. ಮನೆಯವರು ಪ್ಯಾರಾಸಿಟಮಾಲ್ ಸಿರಪ್ ಕೊಟ್ಟರು. ಒಂದು ಗಂಟೆಯಲ್ಲಿ ಮೈ ತಣ್ಣಗಾಯಿತು. ಎಲ್ಲರೂ ಮಲಗಬೇಕು ಅನ್ನುವಷ್ಟರಲ್ಲಿ ಅವನ ಅಜ್ಜಿ, "ಜ್ವರ ಇಳೀತು ಸರಿ, ಮಗೂದು ಹೊಟ್ಟೆ ಯಾಕೆ ಹೀಗೆ ಬಡ್ಕೋತಿದೆ?" ಅಂದರು. ತಾಯಿ ಗಡಿಯಾರ ಹಿಡಿದು ಎಣಿಸಿದರು. ಒಂದು ನಿಮಿಷಕ್ಕೆ 42 ಉಸಿರು. ಸುಮ್ಮನೆ ಮಲಗಿರುವ ಎಂಟು ವರ್ಷದ ಮಗುವಿಗೆ ಅದು 20ರ ಆಸುಪಾಸು ಇರಬೇಕು. 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ನ್ಯುಮೋನಿಯಾ ಆಗಿತ್ತು. ಆಕ್ಸಿಜನ್ ಹಾಕಿದರು, ಆಂಟಿಬಯೋಟಿಕ್ ಶುರು ಮಾಡಿದರು. ಎಂಟನೇ ದಿನ ಹುಡುಗ ಮನೆಗೆ ಬಂದ.

ಇಲ್ಲಿ ಎರಡು ವಿಷಯ ಇವೆ.

ಒಂದು, ಬಿಟ್ಟ ಜ್ವರ ಮತ್ತೆ ಬಂದದ್ದು. ಫ್ಲೂ ವೈರಸ್ ಶ್ವಾಸನಾಳದ ಒಳಗಿನ ಪೊರೆಯನ್ನು ಕೆರೆದು ಹುಣ್ಣು ಮಾಡುತ್ತದೆ. ಮಾಮೂಲಿಯಾಗಿ ಮೂಗು, ಗಂಟಲಲ್ಲಿ ಸುಮ್ಮನಿರುವ ಬ್ಯಾಕ್ಟೀರಿಯಾಗಳು ಆಗ ಶ್ವಾಸಕೋಶಕ್ಕೆ ಇಳಿಯುತ್ತವೆ. ಅದಕ್ಕೇ ಒಂದೆರಡು ದಿನ ಚೆನ್ನಾಗಿದ್ದ ಮಗುವಿಗೆ ಜ್ವರವೋ ಕೆಮ್ಮೋ ತಿರುಗಿ ಬಂದರೆ ಹಳೇ ಜ್ವರದ ಬಾಲ ಅಂದುಕೊಳ್ಳಬೇಡಿ. ಅದು ಹೊಸ ಕಾಯಿಲೆ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ.

ಇನ್ನೊಂದು ಅಜ್ಜಿ ನೋಡಿದ್ದು. ನಾವೆಲ್ಲ ಥರ್ಮಾಮೀಟರ್ ನೋಡುತ್ತೇವೆ, ಅವರು ಹೊಟ್ಟೆ ನೋಡಿದರು. ಜ್ವರ ಏರಿದಾಗ ಯಾವ ಮಗುವಾದರೂ ಜೋರಾಗಿ ಉಸಿರಾಡುತ್ತದೆ, ಮಂಕಾಗಿರುತ್ತದೆ. ಔಷಧಿ ಕೊಟ್ಟು ಜ್ವರ ಇಳಿದ ಮೇಲೆ ಮಗು ಹೇಗಿದೆ ಅನ್ನುವುದೇ ನಿಜವಾದ ಪರೀಕ್ಷೆ. ಇಳಿದ ಮೇಲೆ ಎದ್ದು ಕೂತು ಟಿವಿ ರಿಮೋಟ್ ಕೇಳಿದರೆ ನಿಮಗೆ ಸ್ವಲ್ಪ ನೆಮ್ಮದಿ. ಇಳಿದ ಮೇಲೂ ಏದುಸಿರು ನಿಲ್ಲದಿದ್ದರೆ ಹೊರಡಿ.

ಉಸಿರು ಎಣಿಸುವುದು ಕಷ್ಟವಲ್ಲ, ಆದರೆ ಸರಿಯಾಗಿ ಎಣಿಸಬೇಕು. ಮಗು ಮಲಗಿರುವಾಗ, ಇಲ್ಲವೇ ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ. ಹೊಟ್ಟೆ ಮೇಲೆ ಬಂದು ಕೆಳಗೆ ಹೋದರೆ ಒಂದು. ಮೊಬೈಲ್‌ನಲ್ಲಿ ಟೈಮರ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಎಣಿಸಿ. ಎರಡು ತಿಂಗಳು ತುಂಬದ ಕೂಸಿಗೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದವರಿಗೆ 40 ಅಥವಾ ಜಾಸ್ತಿ ಬಂದರೆ ಅದು ವೇಗದ ಉಸಿರು. ನಮ್ಮ ಶಾಲೆಯ ಮಕ್ಕಳ ವಯಸ್ಸಿಗೆ 30 ದಾಟಿದರೇ ಎಚ್ಚರವಾಗಿ.

ಎಣಿಸುತ್ತಿರುವಾಗಲೇ ಪಕ್ಕೆಗಳನ್ನೂ ನೋಡಿ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ, ಎಲುಬುಗಳ ನಡುವೆ ಅಥವಾ ಕುತ್ತಿಗೆಯ ಗುಳಿಯಲ್ಲಿ ಚರ್ಮ ಒಳಕ್ಕೆ ಸೇದಿಕೊಂಡರೆ ಮಗು ಇರುವ ಶಕ್ತಿಯೆಲ್ಲ ಉಸಿರಿಗೇ ಖರ್ಚು ಮಾಡುತ್ತಿದೆ ಅಂತ ಅರ್ಥ. ಮೂಗಿನ ಹೊಳ್ಳೆ ಅರಳುವುದು, ನರಳುವ ಸದ್ದು, ಒಂದು ವಾಕ್ಯ ಪೂರ್ತಿ ಹೇಳಲಾಗದೆ ನಡುವೆ ಉಸಿರು ತೆಗೆದುಕೊಳ್ಳುವುದು, ಎದೆನೋವು, ಇವೂ ಅದೇ ಸಾಲಿಗೆ ಸೇರುತ್ತವೆ. ತುಟಿ ನೀಲಿಯಾಗುತ್ತದೆ ಅಂತಾರೆ, ಆದರೆ ನಮ್ಮ ಕಪ್ಪು, ಗೋಧಿ ಮೈಬಣ್ಣದಲ್ಲಿ ಅದು ಬೇಗ ಕಾಣುವುದಿಲ್ಲ. ತುಟಿಯ ಒಳಭಾಗ, ನಾಲಿಗೆ, ಉಗುರಿನ ಬುಡ ನೋಡಿ. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ. ಎದೆಗೆ ಬಿಸಿ ಶಾಖ ಕೊಡುವುದು, ಬರೆ ಹಾಕಿಸುವುದು ಖಂಡಿತ ಬೇಡ.

ಕೋವಿಡ್ ಕಾಲದಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ತಗೊಂಡವರು ಬಹಳ ಜನ ಇದ್ದೀರಿ. ಅದರಲ್ಲಿ 94ಕ್ಕಿಂತ ಕಡಿಮೆ ತೋರಿಸಿದರೆ ಡಾಕ್ಟರ ಹತ್ತಿರ ಹೋಗಿ, 90ಕ್ಕಿಂತ ಕೆಳಗಾದರೆ ಅದು ಗಂಭೀರ. ಆದರೆ ಬೆರಳು ತಣ್ಣಗಿದ್ದರೆ, ಮೆಹಂದಿ ಅಥವಾ ನೇಲ್ ಪಾಲಿಶ್ ಇದ್ದರೆ, ಮಗು ಕೈ ಆಡಿಸಿದರೆ ಅದು ತಪ್ಪು ತೋರಿಸುತ್ತದೆ. ಆಕ್ಸಿಮೀಟರ್ 97 ಅನ್ನುತ್ತಿದೆ, ಪಕ್ಕೆ ಒಳಗೆ ಸೇದುತ್ತಿದೆ ಅಂದರೆ ಪಕ್ಕೆಯನ್ನೇ ನಂಬಿ.

ಉಸಿರಾದ ಮೇಲೆ ಮೂತ್ರ. ಎಂಟು ಗಂಟೆ ಒಂದು ಸಲವೂ ಹೋಗಿಲ್ಲ, ಬಾಯಿ ಒಣಗಿದೆ, ಅತ್ತರೂ ಕಣ್ಣೀರು ಬರುತ್ತಿಲ್ಲ ಅಂದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಕುಡಿಸಿದ್ದೆಲ್ಲ ವಾಂತಿಯಾಗುತ್ತಿದ್ದರೆ ಮನೆಯಲ್ಲಿ ಓಆರ್‌ಎಸ್ ಕುಡಿಸುತ್ತಾ ಕೂರುವುದರಿಂದ ಪ್ರಯೋಜನವಿಲ್ಲ. ಮಗು ಮಲಗಿದೆ, ಎಬ್ಬಿಸುವುದು ಬೇಡ ಅಂತ ಬಿಟ್ಟು ಬಿಟ್ಟು ಈ ಎಂಟು ಗಂಟೆ ಕಳೆದೇ ಹೋಗುತ್ತದೆ. ಒಂದು ಚೀಟಿಯಲ್ಲಿ ಟೈಮ್ ಬರೆದಿಡಿ.

ಇನ್ನು ಎಚ್ಚರ. ಜ್ವರದ ಮಗು ಜಾಸ್ತಿ ನಿದ್ದೆ ಮಾಡುವುದು ಸಹಜ. ಎಬ್ಬಿಸಿದಾಗ ಕಣ್ಣು ಬಿಟ್ಟು ನಿಮ್ಮನ್ನು ನೋಡಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಎಬ್ಬಿಸಲಿಕ್ಕೇ ಆಗುತ್ತಿಲ್ಲ, ಎದ್ದರೂ ಅಮ್ಮನ ಗುರುತಿಲ್ಲ, ಜ್ವರ ಇಳಿದರೂ ಸಂಬಂಧವಿಲ್ಲದ ಮಾತಾಡುತ್ತಿದೆ ಅಂದರೆ ಅದು ಜ್ವರದ ಕನವರಿಕೆ ಅಲ್ಲದೆ ಇರಬಹುದು. ಅಪರೂಪಕ್ಕೆ ಫ್ಲೂ ಮಿದುಳಿಗೂ ತೊಂದರೆ ಕೊಡುತ್ತದೆ. ಫಿಟ್ಸ್ ಬಂದರೆ ಮಗುವನ್ನು ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ, ನೀರು, ಔಷಧಿ ಏನೂ ಹಾಕಬೇಡಿ, ಕೈಗೆ ಬೀಗದ ಕೈ ಹಿಡಿಸುತ್ತಾ ಹೊತ್ತು ಕಳೆಯಬೇಡಿ. ಶುರುವಾದ ಟೈಮ್ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ತಾನಾಗೇ ನಿಂತರೂ ಆಸ್ಪತ್ರೆಗೆ ತೋರಿಸಲೇಬೇಕು.

ಶಾಲೆಗೆ ಹೋಗುವ ಮಕ್ಕಳಲ್ಲೇ ಜಾಸ್ತಿ ಕಾಣುವ ಒಂದು ತಮಾಷೆಯ ತೊಂದರೆ ಇದೆ, ತಮಾಷೆ ಅಂದದ್ದು ಅದು ಸೋಮಾರಿತನದ ಹಾಗೆ ಕಾಣುತ್ತದೆ ಅಂತ. ಜ್ವರ ಬಿಡುವ ಹೊತ್ತಿಗೆ ಮೀನಖಂಡ ವಿಪರೀತ ನೋಯುತ್ತದೆ. ಮಗು ಕಾಲೂರುವುದಿಲ್ಲ, ಇಲ್ಲವೇ ತುದಿಗಾಲಲ್ಲಿ ನಡೆಯುತ್ತದೆ. ವೈರಸ್‌ನಿಂದ ಸ್ನಾಯು ಊದಿಕೊಂಡು ಹೀಗಾಗುವುದು. ಹೆಚ್ಚಿನವರಿಗೆ ಮೂರ್ನಾಲ್ಕು ದಿನದಲ್ಲಿ ವಾಸಿಯಾಗುತ್ತದೆ. ಆದರೂ ನಡೆಯಲು ಒಪ್ಪದ ಮಗುವನ್ನು ಡಾಕ್ಟರಿಗೆ ತೋರಿಸಿ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಕ್ಷಣ ಹೋಗಬೇಕು. ಒಡೆದ ಸ್ನಾಯುವಿನಿಂದ ಬಂದದ್ದು ಕಿಡ್ನಿಗೆ ಪೆಟ್ಟು ಕೊಡಬಲ್ಲದು.

ಔಷಧಿ ಕೊಟ್ಟರೂ 104ರಿಂದ ಇಳಿಯದ ಜ್ವರಕ್ಕೂ ಕಾಯಬೇಡಿ. ಮನೆಯಲ್ಲಿ ಮೂರು ತಿಂಗಳು ತುಂಬದ ಕೂಸಿದ್ದರೆ ಅದಕ್ಕೆ ಬೇರೆ ಯಾವ ಲಕ್ಷಣವೂ ಬೇಕಿಲ್ಲ, ಜ್ವರ ಬಂದರೆ ಸಾಕು, ಆಸ್ಪತ್ರೆಗೆ ಹೋಗಬೇಕು. ಆಸ್ತಮಾ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವ ಮಕ್ಕಳನ್ನೂ, ಐದು ವರ್ಷದೊಳಗಿನವರನ್ನೂ, ಅದರಲ್ಲೂ ಎರಡು ವರ್ಷ ತುಂಬದವರನ್ನು, ಮೊದಲ ದಿನವೇ ತೋರಿಸಿ. ಡಾಕ್ಟರು ಬೇಕು ಅಂದುಕೊಂಡರೆ ಒಸೆಲ್ಟಾಮಿವಿರ್ ಅನ್ನುವ ಔಷಧಿ ಕೊಡುತ್ತಾರೆ. ಅದು ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಕೆಲಸ ಮಾಡುತ್ತದೆ.

ಔಷಧಿಯ ಬಗ್ಗೆ ಒಂದು ಮಾತು. ಪ್ಯಾರಾಸಿಟಮಾಲ್ ಸಿರಪ್ ಅಂದರೆ ಎಲ್ಲವೂ ಒಂದೇ ಅಲ್ಲ. 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ ಇರುವ ಬಾಟಲಿ ಬೇರೆ, 250 ಇರುವುದು ಬೇರೆ. ಅಣ್ಣನ ಬಾಟಲಿಯಿಂದ ತಮ್ಮನಿಗೆ ಕೊಟ್ಟರೆ ಎರಡರಷ್ಟು ಹೋಗುತ್ತದೆ. ಮಗುವಿನ ತೂಕ ಹೇಳಿ, ಯಾವ ಬಾಟಲಿ ಅಂತ ತೋರಿಸಿ, ಎಷ್ಟು ಎಂಎಲ್ ಅಂತ ಡಾಕ್ಟರಿಂದ ಬರೆಸಿಕೊಳ್ಳಿ. ಆಸ್ಪಿರಿನ್ ಇರುವ ಮಾತ್ರೆ ಮಕ್ಕಳಿಗೆ ಕೊಡಲೇಬೇಡಿ. ಫ್ಲೂ ಇದ್ದಾಗ ಕೊಟ್ಟರೆ ಪಿತ್ತಜನಕಾಂಗ, ಮಿದುಳು ಎರಡನ್ನೂ ಹಾಳುಮಾಡುವ ರೇಯ್ಸ್ ಸಿಂಡ್ರೋಮ್ ಬರುವ ಅಪಾಯ ಇದೆ. ಮಳೆಗಾಲದ ಜ್ವರ ಡೆಂಗ್ಯೂ ಕೂಡ ಆಗಿರಬಹುದು ಅಲ್ವಾ? ಅದು ಗೊತ್ತಾಗುವವರೆಗೆ ಐಬುಪ್ರೊಫೆನ್ ಕೂಡ ಸ್ವಂತಕ್ಕೆ ಕೊಡಬೇಡಿ. ಡೆಂಗ್ಯೂನಲ್ಲಿಯೂ ಜ್ವರ ಇಳಿಯುವ ದಿನಗಳೇ ಅಪಾಯದ್ದು. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಹೊರಡಿ.

ಹೊರಡುವಾಗ ಆಕ್ಸಿಜನ್ ಇರುವ ಆಸ್ಪತ್ರೆಗೇ ಹೋಗಿ. ಉಸಿರಾಟ ಕಷ್ಟವಾಗಿದ್ದರೆ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗುವುದಕ್ಕಿಂತ 108 ಆಂಬುಲೆನ್ಸ್ ಒಳ್ಳೆಯದು, ಅದರಲ್ಲಿ ಆಕ್ಸಿಜನ್ ಇರುತ್ತದೆ. ಜ್ವರ ಯಾವತ್ತು ಶುರುವಾಯಿತು, ಯಾವತ್ತು ಬಿಟ್ಟು ಮತ್ತೆ ಬಂತು, ಉಸಿರು ಎಷ್ಟು ಎಣಿಸಿದಿರಿ, ಕೊನೆಯ ಸಲ ಮೂತ್ರ ಯಾವಾಗ, ಕೊನೆಯ ಡೋಸ್ ಯಾವಾಗ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ರಾತ್ರಿ ಎರಡು ಗಂಟೆಗೆ ಯಾರಿಗೂ ಇದೆಲ್ಲ ನೆನಪಿರುವುದಿಲ್ಲ.

ವಾಸಿಯಾದ ಮಕ್ಕಳನ್ನು, ಔಷಧಿ ಇಲ್ಲದೆ ಜ್ವರ ಬಿಟ್ಟು ಒಂದು ದಿನ ಪೂರ್ತಿ ಕಳೆದ ಮೇಲೆ ಮಾತ್ರ ಕಳಿಸಿ. ರಜೆಗೆ ಮೆಡಿಕಲ್ ಸರ್ಟಿಫಿಕೇಟ್ ಕೇಳುವುದಿಲ್ಲ, ಒಂದು ಫೋನ್ ಸಾಕು. ತಪ್ಪಿದ ಪಾಠವನ್ನು ಮಧ್ಯಾಹ್ನದ ಬಿಡುವಿನಲ್ಲಿ ಮೇಷ್ಟ್ರು, ಟೀಚರ್‌ಗಳು ಹೇಳಿಕೊಡುತ್ತಾರೆ. ಪೂರ್ತಿ ಹಾಜರಿಯ ಬಹುಮಾನವನ್ನು ನಾವು ಆ ವರ್ಷವೇ ನಿಲ್ಲಿಸಿದೆವು, ಮಕ್ಕಳಿಗೆ ಇದನ್ನೂ ಹೇಳಿ.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ