ಆಪ್ಷನ್ ಎಂಟ್ರಿಗೆ ಮೊದಲೇ ಈ ಲೆಕ್ಕ ಆಗಲಿ

ಮಾನ್ಯ ಸಂಪಾದಕರೇ,

ಸಿಇಟಿ ಫಲಿತಾಂಶದ ದಿನಗಳಲ್ಲಿ ನಿಮ್ಮ ಪತ್ರಿಕೆ ತೆರೆದರೆ ಸುದ್ದಿಗಿಂತ ಇಂಜಿನಿಯರಿಂಗ್ ಕಾಲೇಜುಗಳ ಜಾಹೀರಾತೇ ಜಾಸ್ತಿ ಕಾಣುತ್ತದೆ. ನ್ಯಾಕ್ ಎ ಪ್ಲಸ್, ಎನ್‌ಬಿಎ ಮಾನ್ಯತೆ, ಶೇ 90ರ ಮೇಲೆ ಪ್ಲೇಸ್‌ಮೆಂಟ್, ಗರಿಷ್ಠ ಸಂಬಳ ಇಷ್ಟು ಲಕ್ಷ. ನಾನು ತಾಲ್ಲೂಕು ಕೇಂದ್ರವೊಂದರ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಈ ಜಾಹೀರಾತುಗಳನ್ನು ಕತ್ತರಿಸಿಕೊಂಡು ಬಂದು 'ಸರ್, ಇವುಗಳಲ್ಲಿ ಯಾವುದು ಒಳ್ಳೇದು?' ಎಂದು ಕೇಳುವ ಮಕ್ಕಳ ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವರು ಯಾರೂ ಇರುವುದಿಲ್ಲ. ಅಣ್ಣ, ಅಕ್ಕ, ಚಿಕ್ಕಪ್ಪ, ಯಾರನ್ನೂ ಕೇಳುವ ಹಾಗಿಲ್ಲ. ಅಂಥ ಮನೆಗಳಿಗಾಗಿ ಈ ಪತ್ರ.

ಮೊದಲು ಒಂದು ವಿಷಯ ತಲೆಯಲ್ಲಿ ಇರಲಿ. ಸಿಇಟಿ ನಡೆಸಿ ಸೀಟು ಹಂಚುವ ಕೆಇಎ ನಿಮಗೆ ನಾಲ್ಕು ಸೀಟು ಕೊಟ್ಟು ಆರಿಸಿಕೊಳ್ಳಿ ಅನ್ನುವುದಿಲ್ಲ. ಆಪ್ಷನ್ ಎಂಟ್ರಿಯಲ್ಲಿ ನೀವು ಕಾಲೇಜು, ಬ್ರಾಂಚುಗಳನ್ನು ಬರೆದ ಕ್ರಮವನ್ನೇ ನೋಡಿ ಒಂದು ಸುತ್ತಿನಲ್ಲಿ ಒಂದೇ ಸೀಟು ಕೊಡುತ್ತದೆ. ಆಮೇಲೆ ಉಳಿಯುವುದು ಆ ಸೀಟನ್ನು ಏನು ಮಾಡುತ್ತೀರಿ ಎಂದು ಹೇಳುವ ಚಾಯ್ಸ್ ಒಂದರಿಂದ ನಾಲ್ಕು ಮಾತ್ರ. ಅದರಲ್ಲೂ ಚಾಯ್ಸ್ ಎರಡು ಅಂದರೆ 'ಈ ಸೀಟು ಇರಲಿ, ಇದಕ್ಕಿಂತ ಮೇಲೆ ಬರೆದದ್ದು ಸಿಕ್ಕರೆ ಅದನ್ನು ಕೊಡಿ' ಅಂತ. ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕಿತೋ, ಕೈಯಲ್ಲಿದ್ದ ಸೀಟು ತಾನಾಗಿಯೇ ಹೋಗುತ್ತದೆ. ಸುಮ್ನೆ ಹೆಸರು ದೊಡ್ಡದು ಅಂತ ಮೇಲೆ ಬರೆದ ಕಾಲೇಜು ಹೀಗೆ ಕೊರಳಿಗೆ ಬಿದ್ದ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಆದ್ದರಿಂದ ಹೋಲಿಸುವ ಕೆಲಸ ಸೀಟು ಸಿಕ್ಕ ಮೇಲಿನದಲ್ಲ, ಆಪ್ಷನ್ ಬರೆಯುವ ಮೊದಲಿನದು.

ಇತ್ತೀಚೆಗೆ ಒಬ್ಬ ಹುಡುಗಿಯ ಜತೆ ಕೂತು ಮಾಡಿದ ಲೆಕ್ಕವನ್ನೇ ಹೇಳುತ್ತೇನೆ. ಯಾವ ಕಾಲೇಜು ಎಂದು ಗೊತ್ತಾಗಬಾರದೆಂದು ಅಂಕಿಗಳನ್ನು ಸ್ವಲ್ಪ ಬದಲಿಸಿ, ದುಂಡಗೆ ಮಾಡಿದ್ದೇನೆ. ಅಪ್ಪ ಎಪಿಎಂಸಿಯಲ್ಲಿ ಹಮಾಲಿ, ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಸರ್ಕಾರಿ ಕಾಲೇಜಿನಲ್ಲಿ ಬೇಕಾದ ಬ್ರಾಂಚ್ ಸಿಗುವಷ್ಟು ರ್‍ಯಾಂಕ್ ಅವಳಿಗೆ ಬಂದಿರಲಿಲ್ಲ. ಅವಳ ಮುಂದಿದ್ದದ್ದು ಮೂರು. ಒಂದು, ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ಕಂಪ್ಯೂಟರ್ ಸೈನ್ಸ್. ಅರ್ಧ ಫೀಸು ಸ್ಕಾಲರ್‌ಶಿಪ್ ಎಂದು ಫೋನ್ ಮೇಲೆ ಫೋನ್ ಬರುತ್ತಿತ್ತು. ಎರಡು, ಬೆಂಗಳೂರಿನ ಹೊರವಲಯದ ಕಾಲೇಜಿನಲ್ಲಿ ಎಐ ಮತ್ತು ಮಷಿನ್ ಲರ್ನಿಂಗ್. ಮೂರು, ಪಕ್ಕದ ಜಿಲ್ಲೆಯ ಹಳೆಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್. ಕೊನೆಯ ಎರಡೂ ಸಿಇಟಿಯ ಸರ್ಕಾರಿ ಕೋಟಾದವು.

ಮೊದಲನೆಯದನ್ನು ಬಿಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ಕಾಲರ್‌ಶಿಪ್ ಪತ್ರದ ಎರಡನೇ ಪುಟದಲ್ಲಿ ಷರತ್ತಿತ್ತು: ಪ್ರತಿ ವರ್ಷ ಇಂತಿಷ್ಟು ಸಿಜಿಪಿಎ ಬಂದರೆ ಮಾತ್ರ ಮುಂದುವರಿಯುತ್ತದೆ. ಪೂರ್ತಿ ಫೀಸು ವರ್ಷಕ್ಕೆ ಮೂರು ಲಕ್ಷ. ಮೊದಲ ವರ್ಷ ಒಂದೂವರೆ ಲಕ್ಷ ಕಟ್ಟಿ, ಆಮೇಲೆ ಷರತ್ತು ತಪ್ಪಿದರೆ ಉಳಿದ ಮೂರು ವರ್ಷಕ್ಕೆ ಒಂಬತ್ತು ಲಕ್ಷ. ಹಾಸ್ಟೆಲ್ ಬೇರೆ. ಇಂಥವರು ಸಿಇಟಿ ಫಲಿತಾಂಶಕ್ಕೆ ಮೊದಲೇ ಸೀಟು ಬುಕಿಂಗ್ ಎಂದು ಮುಂಗಡ ಕೇಳುತ್ತಾರೆ. ಕಟ್ಟಿಬಿಟ್ಟಿದ್ದರೂ ಗಾಬರಿ ಬೇಡ. ಯುಜಿಸಿ, ಎಐಸಿಟಿಇ ನಿಯಮಗಳ ಪ್ರಕಾರ ನಿಗದಿತ ದಿನದೊಳಗೆ ಸೀಟು ಬಿಟ್ಟರೆ 1,000 ರೂಪಾಯಿಗಿಂತ ಹೆಚ್ಚು ಹಿಡಿದುಕೊಳ್ಳುವಂತಿಲ್ಲ. ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುವಂತೆಯೂ ಇಲ್ಲ. ಹಾಗಂತ ಕೇಳಿದ ತಕ್ಷಣ ಯಾರೂ ಕೊಡುವುದಿಲ್ಲ. ರಸೀದಿ ಇಟ್ಟುಕೊಂಡು, ಸೀಟು ಬಿಡುವ ಪತ್ರವನ್ನು ಇಮೇಲ್‌ನಲ್ಲೇ ಕಳಿಸಬೇಕು.

ಎರಡನೆಯದು ಮತ್ತು ಮೂರನೆಯದರ ಕೆಇಎ ಫೀಸು ಹೆಚ್ಚುಕಡಿಮೆ ಒಂದೇ. ಲೆಕ್ಕಕ್ಕೆ ವರ್ಷಕ್ಕೆ 90 ಸಾವಿರ ಹಿಡಿದೆವು. ಹಾಗಾದರೆ ಖರ್ಚೂ ಒಂದೇ ಅಲ್ವಾ ಎಂದು ಅವಳಪ್ಪ ಕೇಳಿದರು. ಅಲ್ಲ. ಬೆಂಗಳೂರಿನ ಕಾಲೇಜು ಕೆಇಎಗೆ ಕಟ್ಟುವ ಫೀಸಿನ ಮೇಲೆ ಕೌಶಲ ತರಬೇತಿ, ಲ್ಯಾಬ್, ಯೂನಿಫಾರ್ಮ್ ಎಂದು ವರ್ಷಕ್ಕೆ 25 ಸಾವಿರ ತೆಗೆದುಕೊಳ್ಳುತ್ತದೆ. ಇದನ್ನು ಹೇಳಿದವರು ಅಲ್ಲಿ ಎರಡನೇ ವರ್ಷ ಓದುತ್ತಿರುವ ನಮ್ಮದೇ ಹಳೆಯ ವಿದ್ಯಾರ್ಥಿ, ಕಾಲೇಜಿನ ಕೌಂಟರಿನವರಲ್ಲ. ಊಟ, ಪಿಜಿ ಸೇರಿ ವರ್ಷಕ್ಕೆ ಇನ್ನೊಂದು ಲಕ್ಷ. ನಾಲ್ಕು ವರ್ಷಕ್ಕೆ ಎಂಟು ಲಕ್ಷ 60 ಸಾವಿರ. ಪಕ್ಕದ ಜಿಲ್ಲೆಯ ಕಾಲೇಜಿನಲ್ಲಿ ಹೀಗೆ ಹೆಚ್ಚುವರಿಯಾಗಿ ತೆಗೆದುಕೊಳ್ಳುವುದು ವರ್ಷಕ್ಕೆ 15 ಸಾವಿರ. ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆ. ಶಕ್ತಿ ಯೋಜನೆ ಇರುವುದರಿಂದ ಹುಡುಗಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. ನಾಲ್ಕು ವರ್ಷಕ್ಕೆ ನಾಲ್ಕು ಲಕ್ಷ 20 ಸಾವಿರ. ಅರ್ಧಕ್ಕಿಂತ ಕಡಿಮೆ! ಹುಡುಗನಾಗಿದ್ದರೆ ಪಾಸಿನ ದುಡ್ಡು ಸೇರಿಸಿಕೊಳ್ಳಿ. ಹೋಗಿಬರಲು ದಿನಕ್ಕೆ ಮೂರು ಗಂಟೆ ಮೀರುವುದಾದರೆ ಈ ಲೆಕ್ಕ ನಡೆಯುವುದಿಲ್ಲ. ಉಳಿಸಿದ ದುಡ್ಡು ಬ್ಯಾಕ್‌ಲಾಗ್ ಪರೀಕ್ಷೆಗಳಲ್ಲಿ ಹೋಗುತ್ತದೆ.

ಈ ಲೆಕ್ಕದಲ್ಲಿ ಸರ್ಕಾರದ ಸ್ಕಾಲರ್‌ಶಿಪ್ಪನ್ನು ನಾನು ಕಳೆಯಲಿಲ್ಲ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲೇಬೇಕು, ಹಿಂದುಳಿದ ವರ್ಗದ ಮಕ್ಕಳು ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಗೂ ಹಾಕಬೇಕು. ಆದರೆ ಆ ದುಡ್ಡು ತಡವಾಗಿ ಬರುತ್ತದೆ, ಕಾಲೇಜು ಫೀಸು ಮೊದಲೇ ಕೇಳುತ್ತದೆ. ಬಂದಾಗ ಬರಲಿ. ವರ್ಷಕ್ಕೆ ಎಂಟು ಲಕ್ಷಕ್ಕಿಂತ ಕಡಿಮೆ ಆದಾಯದ ಮನೆಗಳಿಗೆ ಇರುವ ಎಸ್‌ಎನ್‌ಕ್ಯೂ ಸೀಟುಗಳ ವಿಷಯ ಬೇರೆ. ಅಲ್ಲಿ ಬೋಧನಾ ಶುಲ್ಕವೇ ಇಲ್ಲ. ಆದರೆ ಅದನ್ನು ಸಿಇಟಿ ಅರ್ಜಿಯಲ್ಲೇ ಕೇಳಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೊಟ್ಟಿರಬೇಕು. ಸೀಟುಗಳು ಕಡಿಮೆ, ಪೈಪೋಟಿ ಜಾಸ್ತಿ.

ಇನ್ನು ಮಾನ್ಯತೆ. ನ್ಯಾಕ್ ಕೊಡುವುದು ಇಡೀ ಸಂಸ್ಥೆಗೆ. ಎನ್‌ಬಿಎ ಕೊಡುವುದು ಒಂದೊಂದು ಬ್ರಾಂಚಿಗೆ. ಜಾಹೀರಾತಿನಲ್ಲಿ ಇವೆರಡೂ ಅಕ್ಕಪಕ್ಕ ಕೂತು ಒಂದೇ ಥರ ಕಾಣುತ್ತವೆ. 2025ರ ಫೆಬ್ರವರಿಯಲ್ಲಿ ಆಂಧ್ರದ ಸಂಸ್ಥೆಯೊಂದಕ್ಕೆ ಭೇಟಿ ಕೊಟ್ಟಿದ್ದ ನ್ಯಾಕ್ ತಪಾಸಣಾ ಸಮಿತಿಯವರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿದ ಮೇಲೆ, ನಾನಂತೂ ನ್ಯಾಕ್ ಗ್ರೇಡ್ ನೋಡಿ ಕಾಲೇಜು ಹೇಳುವುದನ್ನು ಬಿಟ್ಟಿದ್ದೇನೆ. ಎನ್‌ಬಿಎಯನ್ನು nbaind.org ನಲ್ಲಿ ನಾವೇ ನೋಡಬಹುದು. ಕಾಲೇಜಿನ ಹೆಸರಿನ ಮುಂದೆ ಬ್ರಾಂಚ್, ಎಲ್ಲಿಯವರೆಗೆ ಮಾನ್ಯ ಎಂಬ ದಿನಾಂಕ ಇರುತ್ತದೆ. ಬಹಳಷ್ಟು ಅವಧಿಗಳು ಮುಗಿಯುವುದು ಜೂನ್ 30ಕ್ಕೆ, ಅಂದರೆ ಸರಿಯಾಗಿ ಸೀಟು ಹಂಚುವ ಹೊತ್ತಿಗೆ. ಮುಗಿದಿದ್ದರೆ ಮತ್ತೆ ಅರ್ಜಿ ಹಾಕಿದ್ದೀರಾ ಎಂದು ಕೇಳಬೇಕು.

ನಮ್ಮ ಹುಡುಗಿಯ ಎರಡನೇ ಕಾಲೇಜಿನ ಗೇಟಿನ ಮೇಲೂ 'ಎನ್‌ಬಿಎ ಮಾನ್ಯತೆ' ಎಂದಿದೆ. ಪಟ್ಟಿ ನೋಡಿದರೆ ಅದು ಮೆಕ್ಯಾನಿಕಲ್ ಮತ್ತು ಸಿವಿಲ್‌ಗೆ. ಅವಳು ಸೇರಬೇಕೆಂದಿದ್ದ ಬ್ರಾಂಚಿಗೆ ಇಲ್ಲ. ಇದು ಕಾಲೇಜಿನ ತಪ್ಪೇ ಎಂದು ಹೇಳಲಾಗದು. ಎರಡು ಬ್ಯಾಚ್ ಪಾಸಾಗಿ ಹೊರಗೆ ಬಂದ ಮೇಲೆ ಮಾತ್ರ ಒಂದು ಬ್ರಾಂಚಿಗೆ ಎನ್‌ಬಿಎ ಸಿಗಲು ಸಾಧ್ಯ, ಅಲ್ಲಿ ಇನ್ನೂ ಒಂದೂ ಬ್ಯಾಚ್ ಹೊರಬಂದಿಲ್ಲ. ಹಾಗೆಂದ ಮೇಲೆ ಆ ಬ್ರಾಂಚಿಗೆ ಪ್ಲೇಸ್‌ಮೆಂಟ್ ದಾಖಲೆಯೂ ಇರಲು ಸಾಧ್ಯವಿಲ್ಲ. ಜಾಹೀರಾತಿನ ಶೇಕಡಾವಾರು ಬೇರೆ ಬ್ರಾಂಚುಗಳದ್ದು. ಮೂರನೇ ಕಾಲೇಜಿನ ಎಲೆಕ್ಟ್ರಾನಿಕ್ಸ್‌ಗೆ ಎನ್‌ಬಿಎ ಇತ್ತು, ಅವಧಿಯೂ ಉಳಿದಿತ್ತು. ಎನ್‌ಬಿಎ ಇದ್ದ ಮಾತ್ರಕ್ಕೆ ಕೆಲಸ ಸಿಗುತ್ತದೆ ಎಂದಲ್ಲ. ಸಾಕಷ್ಟು ಮೇಷ್ಟ್ರುಗಳು, ಲ್ಯಾಬ್ ಇವೆಯೇ ಎಂದು ಹೊರಗಿನವರು ಒಮ್ಮೆ ನೋಡಿಹೋಗಿದ್ದಾರೆ ಎಂದಷ್ಟೇ ಅರ್ಥ.

ಪ್ಲೇಸ್‌ಮೆಂಟ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ್‍ಯಾಂಕಿಂಗಿಗೆ ಅರ್ಜಿ ಹಾಕುವ ಪ್ರತಿ ಕಾಲೇಜೂ ತಾನು ಕೊಟ್ಟ ಮಾಹಿತಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ರ್‍ಯಾಂಕ್ ಬರದ ಕಾಲೇಜಿನದ್ದೂ ಸಿಗುತ್ತದೆ. ಸಾಮಾನ್ಯವಾಗಿ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ 'NIRF' ಎಂದಿರುತ್ತದೆ. ಆ ಪಿಡಿಎಫ್‌ನಲ್ಲಿ ಒಂದು ಕೋಷ್ಟಕ ಇದೆ: ಮೊದಲ ವರ್ಷಕ್ಕೆ ಎಷ್ಟು ಜನ ಸೇರಿದರು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಎಷ್ಟು ಜನ ಬಂದರು, ನಾಲ್ಕೇ ವರ್ಷದಲ್ಲಿ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು, ಮೀಡಿಯನ್ ಸಂಬಳ ಎಷ್ಟು.

ಬೆಂಗಳೂರಿನ ಹೊರವಲಯದ ಕಾಲೇಜಿನ ಜಾಹೀರಾತಿನಲ್ಲಿ ಪ್ಲೇಸ್‌ಮೆಂಟ್ ಶೇ 91 ಎಂದಿತ್ತು. ಕೋಷ್ಟಕದಲ್ಲಿ ಒಟ್ಟು ಸೇರಿದವರು 500, ಸರಿಯಾದ ಸಮಯಕ್ಕೆ ಪಾಸಾದವರು 340, ಕೆಲಸ ಸಿಕ್ಕವರು 160. ಅಂದರೆ ಸೇರಿದ ನೂರರಲ್ಲಿ 32 ಜನ. ಶೇ 91 ಎಲ್ಲಿಂದ ಬಂತು? 'ಅರ್ಹ' ವಿದ್ಯಾರ್ಥಿಗಳ ಲೆಕ್ಕದಿಂದ. ಬ್ಯಾಕ್‌ಲಾಗ್ ಇಲ್ಲದ, ಹತ್ತನೇ ತರಗತಿಯಿಂದ ಬಿಇ ತನಕ ಶೇ 60 ದಾಟಿದ, ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟವರು ಅಂತ ಸೋಸುತ್ತಾ ಬಂದರೆ 175 ಜನ ಉಳಿಯುತ್ತಾರೆ. ಅವರಲ್ಲಿ 160. ಸುಳ್ಳೇನಲ್ಲ, ಆದರೆ ಸೇರುವ ಹುಡುಗಿಗೆ ಬೇಕಾದ ಉತ್ತರವೂ ಅಲ್ಲ. ಇನ್ನು ಕೆಲವರು ಆಫರ್‌ಗಳನ್ನು ಎಣಿಸುತ್ತಾರೆ. ಒಬ್ಬನಿಗೇ ಮೂರು ಆಫರ್ ಬಂದರೆ ಮೂರು. ಮೂರನೇ ಕಾಲೇಜಿನಲ್ಲಿ ಸೇರಿದವರು 300, ಕೆಲಸ ಸಿಕ್ಕವರು 150. ನೂರಕ್ಕೆ 50. ಮೀಡಿಯನ್ ಸಂಬಳ ಎರಡರಲ್ಲೂ ವರ್ಷಕ್ಕೆ ನಾಲ್ಕು ಲಕ್ಷದ ಆಸುಪಾಸು. ಗರಿಷ್ಠ ಸಂಬಳ ಪಡೆದ ಒಬ್ಬನ ಫೋಟೋ ದೊಡ್ಡದಾಗಿ ಹಾಕಿದರೂ, ಸಾಲಿನ ನಡುವೆ ನಿಂತವರಿಗೆ ಸಿಗುವುದು ಅಷ್ಟೇ.

ಈ ಕೋಷ್ಟಕವನ್ನೂ ಕಾಲೇಜೇ ತುಂಬುವುದು, ಬ್ರಾಂಚ್‌ವಾರು ಬಿಡಿಸಿಯೂ ಹೇಳುವುದಿಲ್ಲ. ಹಾಗಾಗಿ ಆ ಬ್ರಾಂಚಿನ ಕೊನೇ ವರ್ಷದ ಇಬ್ಬರನ್ನಾದರೂ ಕೇಳಬೇಕು: ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನ, ಆಫರ್ ಲೆಟರ್ ಎಷ್ಟು ಜನಕ್ಕೆ ಬಂತು, ಕೆಲಸಕ್ಕೆ ಸೇರಿಕೊಂಡವರು ಎಷ್ಟು. ಕೊನೆಯ ಪ್ರಶ್ನೆ ಮರೆಯಬಾರದು. ಆಫರ್ ಕೊಟ್ಟು ತಿಂಗಳುಗಟ್ಟಲೆ ಕರೆಯದ ಕಂಪನಿಗಳಿವೆ.

'ಬೆಂಗಳೂರಿನಲ್ಲಿದ್ದರೆ ಕಂಪನಿಗಳು ಹತ್ತಿರ' ಎಂಬ ಮಾತು ಪೂರ್ತಿ ತಪ್ಪಲ್ಲ. ಇಂಟರ್ನ್‌ಶಿಪ್ ಅಲ್ಲಿ ಸುಲಭ. ಆದರೆ ಅದಕ್ಕೆ ನಾಲ್ಕು ವರ್ಷದ ಪಿಜಿ ಬಾಡಿಗೆ ಕಟ್ಟಬೇಕಿಲ್ಲ. ಕೊನೇ ವರ್ಷ ಒಂದು ಸೆಮಿಸ್ಟರ್ ಅಲ್ಲಿ ಹೋಗಿ ಇರಬಹುದು, ಉಳಿದ ನಾಲ್ಕು ಲಕ್ಷ 40 ಸಾವಿರದಲ್ಲಿ ಒಂದು ಸಣ್ಣ ಪಾಲು ಸಾಕು. ಅವಳು ಎಲೆಕ್ಟ್ರಾನಿಕ್ಸನ್ನು ಮೇಲೆ ಬರೆದಳು. ಅವಳಪ್ಪನಿಗೆ ಎಐ ಎಂಬ ಹೆಸರು ಬಿಟ್ಟುಹೋಯಿತಲ್ಲ ಎಂಬ ಕೊರಗು ಇನ್ನೂ ಇದೆ, ಇರಲಿ.

ಈಗ ನನ್ನ ಕೋರಿಕೆ. ಆಪ್ಷನ್ ಎಂಟ್ರಿ ಪುಟದಲ್ಲಿ ಕಾಲೇಜಿನ ಕೋಡ್ ಪಕ್ಕದಲ್ಲೇ ಆ ಬ್ರಾಂಚಿನ ಎನ್‌ಬಿಎ ಅವಧಿ, ಸೇರಿದವರೆಷ್ಟು ಕೆಲಸ ಸಿಕ್ಕವರೆಷ್ಟು, ಮೀಡಿಯನ್ ಸಂಬಳ, ಕೆಇಎ ಫೀಸಿನ ಹೊರಗೆ ಕಾಲೇಜು ಪಡೆಯುವ ಮೊತ್ತ, ಇಷ್ಟನ್ನು ಕೆಇಎ ತೋರಿಸಲಿ. ಇದರಲ್ಲಿ ಬಹುಪಾಲು ಈಗಲೇ ಸಾರ್ವಜನಿಕವಾಗಿದೆ, ಒಂದೇ ಕಡೆ ಇಲ್ಲ ಅಷ್ಟೇ. ನೀವೂ ಒಂದು ಕೆಲಸ ಮಾಡಬಹುದು: ಶೇಕಡಾವಾರು ಪ್ಲೇಸ್‌ಮೆಂಟ್ ಹಾಕುವ ಜಾಹೀರಾತುದಾರರಿಗೆ 'ಎಷ್ಟು ಜನರಲ್ಲಿ' ಎಂಬ ಸಂಖ್ಯೆಯನ್ನೂ ಅದೇ ಅಳತೆಯ ಅಕ್ಷರದಲ್ಲಿ ಹಾಕಲು ಹೇಳಿ.

ಇಂತಿ ನಿಮ್ಮ ಓದುಗ,
ಒಬ್ಬ ಪಿಯು ಉಪನ್ಯಾಸಕ, ಚಿತ್ರದುರ್ಗ ಜಿಲ್ಲೆ