1187 ಯಾವ ಬಾಟಲಿ? ನೀರಿನ ಪರೀಕ್ಷಾ ವರದಿಯ ಬಗ್ಗೆ ದೂರು

ಇಂದ: ಕಾರ್ಯದರ್ಶಿ, ಸುರಂಗದ ನೀರು ಬಳಸುವ ಹದಿನಾಲ್ಕು ಮನೆಗಳ ಪರವಾಗಿ, ಎಣ್ಮಕಜೆ ಪಂಚಾಯತ್, ಕಾಸರಗೋಡು ಜಿಲ್ಲೆ

ಗೆ: ಗುಣಮಟ್ಟ ವ್ಯವಸ್ಥಾಪಕರು, ನೀರು ಪರೀಕ್ಷಾ ಪ್ರಯೋಗಾಲಯ, ಮಂಗಳೂರು

ವಿಷಯ: ಮಾದರಿ ಸಂಖ್ಯೆ 1187 ಮತ್ತು 1188ರ ಹಸ್ತಾಂತರ ದಾಖಲೆ ಹಾಗೂ ನೋಟ್‌ಬುಕ್ ಪುಟದಲ್ಲಿನ ದೋಷ

ಮಾನ್ಯರೇ,

ಜುಲೈ 22ರಂದು ನಾವು ನಿಮ್ಮಲ್ಲಿಗೆ ಎರಡು ಬಾಟಲಿ ನೀರು ಕಳುಹಿಸಿದ್ದೆವು. ಒಂದು ಗುಡ್ಡದೊಳಗಿನ ಸುರಂಗದ ಬಾಯಿಂದ ತುಂಬಿಸಿದ್ದು, ಇನ್ನೊಂದು ಆ ನೀರು ಬಂದು ಸೇರುವ ಟ್ಯಾಂಕಿನ ನಳ್ಳಿಯಿಂದ. ಹದಿನಾಲ್ಕು ಮನೆಗಳಿಗೂ ಕುಡಿಯಲು ಇದೇ ನೀರು. ನಿಮ್ಮ ವರದಿಯ ಪ್ರಕಾರ ಸುರಂಗದ ನೀರಿನಲ್ಲಿ ಕೋಲಿಫಾರ್ಮ್ ಜೀವಾಣು ಇಲ್ಲ, ಟ್ಯಾಂಕಿನ ನೀರಿನಲ್ಲಿ 100 ಮಿಲಿಲೀಟರಿಗೆ 240. ಈ ಎರಡು ಸಾಲುಗಳಲ್ಲಿ ಯಾವುದು ಯಾವ ಬಾಟಲಿಯದ್ದು ಎಂಬುದನ್ನು ನಿಮ್ಮ ದಾಖಲೆಗಳಿಂದ ತಿಳಿಯಲು ಸಾಧ್ಯವಿಲ್ಲ. ನನ್ನ ದೂರು ಇದೇ.

ಮೊದಲು ನಮ್ಮ ಕಡೆಯಿಂದ ನಡೆದದ್ದನ್ನು ಹೇಳುತ್ತೇನೆ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಬಹುಕಾಲ ದುಡಿದವನಾದ್ದರಿಂದ ಮಾದರಿಯನ್ನು ನಾನೇ ತೆಗೆದೆ. ಸುರಂಗದ್ದು ಬೆಳಿಗ್ಗೆ 6.40ಕ್ಕೆ, ಟ್ಯಾಂಕಿನದ್ದು 7.05ಕ್ಕೆ. ಹಿಂದಿನ ದಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೆವು. ಅಂದು ಬೆಳಿಗ್ಗೆ ಕಿಟ್‌ನಲ್ಲಿ ನೋಡಿದಾಗ ಲೀಟರಿಗೆ ಸುಮಾರು 0.3 ಮಿಲಿಗ್ರಾಂ ಕ್ಲೋರಿನ್ ಉಳಿದಿತ್ತು. ಕ್ಲೋರಿನ್ ಇರುವ ನೀರಿಗೆ ಥಯೋಸಲ್ಫೇಟ್ ಹಾಕಿದ ಬಾಟಲಿ ಬೇಕು. ಇಲ್ಲವಾದರೆ ದಾರಿಯುದ್ದಕ್ಕೂ ಕ್ಲೋರಿನ್ ಕೆಲಸ ಮಾಡುತ್ತಲೇ ಇದ್ದು, ಟ್ಯಾಂಕಿನಲ್ಲಿ ಬದುಕಿದ್ದ ಜೀವಾಣುಗಳು ಬಾಟಲಿಯಲ್ಲಿ ಸತ್ತಿರುತ್ತವೆ. ಅದನ್ನು ಮೊದಲೇ ಕೇಳಿ, ನಿಮ್ಮಲ್ಲಿಂದಲೇ ಅಂಥ ಒಂದು ಬಾಟಲಿಯನ್ನೂ ಥಯೋಸಲ್ಫೇಟ್ ಇಲ್ಲದ ಇನ್ನೊಂದನ್ನೂ ತಂದಿದ್ದೆ. ಸುರಂಗದ್ದಕ್ಕೆ ‘ಸು’, ಟ್ಯಾಂಕಿನದ್ದಕ್ಕೆ ‘ಟಾ’ ಎಂದು ಬರೆದ ಚೀಟಿಯನ್ನು ಬಾಟಲಿಯ ಕುತ್ತಿಗೆಗೆ ದಾರದಲ್ಲಿ ಕಟ್ಟಿ, ಐಸ್ ಪೆಟ್ಟಿಗೆಯಲ್ಲಿಟ್ಟು, ನೆರೆಮನೆಯ ಹುಡುಗನ ಜೀಪಿನಲ್ಲಿ ಕಳುಹಿಸಿದೆ. ಅವನು ನಿಮ್ಮ ಮೇಜಿಗೆ ಒಪ್ಪಿಸಿದ್ದು 10.20ಕ್ಕೆ. ಜೊತೆಗಿದ್ದ ಹಾಳೆಯಲ್ಲಿ ಸ್ಥಳ, ಸಮಯ, ಬಾಟಲಿಯ ಗುರುತು, ಒಪ್ಪಿಸಿದವನ ಸಹಿ ಎಲ್ಲವೂ ಇದ್ದವು. ‘ಸ್ವೀಕರಿಸಿದವರು’ ಎಂಬ ಜಾಗ ಮಾತ್ರ ಖಾಲಿಯಾಗಿಯೇ ಹಿಂದಿರುಗಿತು. ಹುಡುಗ ಸಹಿ ಕೇಳಿದಾಗ, ‘ಇಲ್ಲಿ ರಿಜಿಸ್ಟರ್ ಇದೆ, ಅದು ಸಾಕು’ ಎಂಬ ಉತ್ತರ ಸಿಕ್ಕಿತಂತೆ.

ಜುಲೈ 28ರಂದು ನಾನೇ ಬಂದು ಆ ರಿಜಿಸ್ಟರನ್ನು ನೋಡಿದೆ. ಅದರಲ್ಲಿದ್ದದ್ದು ಒಂದೇ ಸಾಲು: ‘ನೀರು, 2 ಬಾಟಲಿ, ಪೆರ್ಲ.’ ಬಂದ ಸಮಯವಿಲ್ಲ, ಪೆಟ್ಟಿಗೆಯೊಳಗಿನ ಉಷ್ಣತೆ ಇಲ್ಲ, ಮುಚ್ಚಳದ ಮೇಲೆ ನಾನು ಅಂಟಿಸಿದ್ದ ಸೀಲ್ ಹರಿದಿತ್ತೇ ಇಲ್ಲವೇ ಎಂಬುದೂ ಇಲ್ಲ. ಇವಕ್ಕಿಂತ ದೊಡ್ಡ ಕೊರತೆ ಇನ್ನೊಂದು. 1187 ಎಂದರೆ ಸುರಂಗ, 1188 ಎಂದರೆ ಟ್ಯಾಂಕ್ ಎಂದು ಎಲ್ಲಿಯೂ ಬರೆದಿಲ್ಲ. ನಮ್ಮ ಚೀಟಿಗಳನ್ನು ಸ್ವೀಕಾರದ ಮೇಜಿನಲ್ಲಿಯೇ ಕತ್ತರಿಸಿ, ನಿಮ್ಮ ಸಂಖ್ಯೆಗಳನ್ನು ಮುಚ್ಚಳಗಳ ಮೇಲೆ ಅಂಟಿಸಿದ್ದರು. ನಾನು ಬಾಟಲಿಯ ಮೈಮೇಲೂ ಗುರುತು ಬರೆಯಬೇಕಿತ್ತು. ಅಷ್ಟು ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಮುಚ್ಚಳದ ಮೇಲೆ ಸಂಖ್ಯೆ ಅಂಟಿಸುವುದು ಪ್ರಯೋಗಾಲಯ ಮಾಡಬಾರದ ಕೆಲಸ. ನೀರನ್ನು ನಳಿಕೆಗಳಿಗೆ ಹಾಕುವಾಗ ಮುಚ್ಚಳ ತೆಗೆಯಲೇಬೇಕು. ಎರಡು ಬಾಟಲಿಗಳು ಒಟ್ಟಿಗೆ ತೆರೆದಿದ್ದು ಮುಚ್ಚಳಗಳು ಅದಲುಬದಲಾದರೆ ಅದನ್ನು ತೋರಿಸಿಕೊಡುವ ಒಂದು ಗುರುತೂ ಉಳಿಯುವುದಿಲ್ಲ.

ಇನ್ನು ನೋಟ್‌ಬುಕ್. ಪರೀಕ್ಷೆ ಮಾಡಿದ ಯುವತಿ ಸಂಕೋಚಪಡದೆ ಪುಟವನ್ನು ತೋರಿಸಿದರು. ಅವರ ಬಗ್ಗೆ ನನಗೆ ಗೌರವವಿದೆ. ಒಂದು ಮಾದರಿಯ ಸಾಲಿನಲ್ಲಿ 5-5-0 ಎಂದಿತ್ತು. ಅಂದರೆ 10 ಮಿಲಿಲೀಟರ್ ನೀರು ಹಾಕಿದ ಐದೂ ನಳಿಕೆಗಳಲ್ಲಿ, 1 ಮಿಲಿಲೀಟರ್ ಹಾಕಿದ ಐದರಲ್ಲಿಯೂ ಬೆಳವಣಿಗೆ ಕಂಡಿದೆ, 0.1 ಮಿಲಿಲೀಟರ್ ಹಾಕಿದವುಗಳಲ್ಲಿ ಒಂದರಲ್ಲಿಯೂ ಇಲ್ಲ. ಇಂಥ ಎಣಿಕೆಯಿಂದ 100 ಮಿಲಿಲೀಟರಿನಲ್ಲಿರುವ ಜೀವಾಣುಗಳ ಅಂದಾಜು ಕೊಡುವ ಕೋಷ್ಟಕದಲ್ಲಿ ಇದಕ್ಕೆ 240 ಎಂದೇ ಬರುತ್ತದೆ. ಇನ್ನೊಂದು ಸಾಲು 0-0-0. ಲೆಕ್ಕ ಸರಿ, 24 ಮತ್ತು 48 ಗಂಟೆಗಳ ಓದುಗಳೂ ದಿನಾಂಕ ಸಹಿತ ಇವೆ. ಆದರೆ ಆ ಎರಡು ಸಾಲುಗಳ ಎಡಕ್ಕೆ, ಮಾದರಿ ಸಂಖ್ಯೆ ಇರುವ ಜಾಗಕ್ಕೆ ವೈಟ್ನರ್ ಬಳಿದು, ಅದರ ಮೇಲೆ 1187, 1188 ಎಂದು ಬರೆಯಲಾಗಿದೆ. ಅಡಿಯಲ್ಲಿ ಏನಿತ್ತು ಎಂದು ಕಾಣುವುದಿಲ್ಲ. ತಿದ್ದಿದವರ ಸಹಿಯೂ ಇಲ್ಲ, ದಿನಾಂಕವೂ ಇಲ್ಲ. ನಮ್ಮ ಕಾಲೇಜಿನಲ್ಲಿ ಮಕ್ಕಳಿಗೆ ಮೊದಲ ವಾರವೇ ಕಲಿಸುತ್ತಿದ್ದೆವು: ತಪ್ಪಿದರೆ ಒಂದೇ ಗೆರೆ ಎಳೆ, ಹಳೆಯದು ಓದುವಂತಿರಲಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ, ದಿನಾಂಕ ಹಾಕು. ನಿಮ್ಮ ವರದಿಯ ತಲೆಯಲ್ಲಿ ಅಚ್ಚಾಗಿರುವ ಐಎಸ್‌ಒ/ಐಇಸಿ 17025:2017 ಮಾನದಂಡ ಕೇಳುವುದೂ ಇದನ್ನೇ. ಅದರ 7.5ನೇ ವಿಭಾಗದ ಪ್ರಕಾರ ಮೂಲ ದಾಖಲೆಯೂ ತಿದ್ದುಪಡಿಯೂ ಎರಡೂ ಉಳಿಯಬೇಕು, ತಿದ್ದಿದವರು ಯಾರು, ಯಾವಾಗ ಎಂಬುದು ತಿಳಿಯಬೇಕು. 7.4ರ ಪ್ರಕಾರ ಮಾದರಿಯ ಗುರುತು ನಿಮ್ಮ ಕೈಯಲ್ಲಿರುವಷ್ಟು ಕಾಲವೂ ಗೊಂದಲಕ್ಕೆ ಎಡೆಯಿಲ್ಲದೆ ಅದರೊಂದಿಗಿರಬೇಕು.

ಫಲಿತಾಂಶ ಅದಲುಬದಲಾಗಿದೆ ಎಂದು ನಾನು ಹೇಳುತ್ತಿಲ್ಲ. ಕ್ಲೋರಿನ್ ಉಳಿದಿದ್ದ ನೀರಿನಲ್ಲಿ 240, ಮಳೆಗಾಲದ ಸುರಂಗದ ನೀರಿನಲ್ಲಿ ಸೊನ್ನೆ ಎಂದಾಗ ಅನುಮಾನ ಹುಟ್ಟುವುದು ಸಹಜ. ಆದರೂ ಕೆಸರಿನ ಕಣಗಳ ಮರೆಯಲ್ಲಿ ಕೋಲಿಫಾರ್ಮ್ ಕ್ಲೋರಿನ್ನನ್ನು ತಡೆದುಕೊಂಡು ಉಳಿಯುವುದುಂಟು. ಆದ್ದರಿಂದ ಅದಲುಬದಲಾಗಿದೆ ಎಂದು ನಾನು ಸಾಧಿಸಲಾರೆ, ಆಗಿಲ್ಲ ಎಂದು ನೀವೂ ತೋರಿಸಲಾರಿರಿ.

ತೋರಿಸಲು ಒಂದು ದಾರಿ ಇತ್ತು. ಬಾಟಲಿಗಳಲ್ಲಿ ಉಳಿದ ನೀರು ಜೀವಾಣು ಪರೀಕ್ಷೆಗೆ ಮತ್ತೆ ಬರುವುದಿಲ್ಲ, ನಿಜ. ಆದರೆ ಟ್ಯಾಂಕಿನ ಬಾಟಲಿಯಲ್ಲಿ ಮಾತ್ರ ಥಯೋಸಲ್ಫೇಟ್ ಇತ್ತು. ಅಷ್ಟು ಕಡಿಮೆ ಕ್ಲೋರಿನ್ನಿನಿಂದ ಅದು ಮುಗಿದಿರುವುದಿಲ್ಲ. ತೆಳು ಅಯೋಡಿನ್ ದ್ರಾವಣದ ಒಂದೊಂದು ಹನಿ ಎರಡಕ್ಕೂ ಹಾಕಿದ್ದರೆ, ಒಂದರಲ್ಲಿ ಬಣ್ಣ ಹಾರಿಹೋಗುತ್ತಿತ್ತು, ಇನ್ನೊಂದರಲ್ಲಿ ಹಳದಿ ಉಳಿಯುತ್ತಿತ್ತು. ವರದಿ ಹೊರಟ ದಿನವೇ ಉಳಿದ ನೀರನ್ನು ಚೆಲ್ಲಿದ್ದಾರೆ. ಯಾರು ಚೆಲ್ಲಿದರು, ಎಷ್ಟು ಹೊತ್ತಿಗೆ ಎಂಬ ದಾಖಲೆಯೂ ಇಲ್ಲ.

ಇದು ಕಾಗದದ ಮಟ್ಟದ ಜಗಳವಲ್ಲ. ನಿಮ್ಮ ವರದಿಯನ್ನು ನಂಬಿ ಮೂರು ದಿನ ಟ್ಯಾಂಕ್ ತೊಳೆದೆವು. ಸುರಂಗದ ಮೇಲಿನ ಜಾಗದಲ್ಲಿ ಹೊಸದಾಗಿ ತೋಡಿದ ಶೌಚದ ಗುಂಡಿಯಿಂದ ತೊಂದರೆಯಿಲ್ಲ ಎಂದು ಆ ಮನೆಯವರಿಗೆ ನಾನೇ ಹೋಗಿ ಹೇಳಿದೆ. ಸಾಲುಗಳು ಅದಲುಬದಲಾಗಿದ್ದರೆ ನಾನು ಹೇಳಿದ್ದು ಸುಳ್ಳು, ತೊಳೆದದ್ದು ವ್ಯರ್ಥ, ಮಕ್ಕಳು ಕುಡಿದ ನೀರು ಕೊಳಕು. ಈಗ ಎಲ್ಲ ಮನೆಗಳಲ್ಲಿಯೂ ನೀರನ್ನು ಕುದಿಸಿಯೇ ಕುಡಿಯುತ್ತಿದ್ದೇವೆ.

ಆದ್ದರಿಂದ ಈ ವರದಿಯನ್ನು ಹಿಂತೆಗೆದುಕೊಂಡು, ಮಾದರಿಯ ಗುರುತು ಖಚಿತವಿಲ್ಲ ಎಂದು ಬರಹದಲ್ಲಿ ತಿಳಿಸಬೇಕೆಂದು ಕೇಳುತ್ತೇನೆ. ರಿಜಿಸ್ಟರ್ ಮತ್ತು ನೋಟ್‌ಬುಕ್ ಪುಟಗಳ ಪ್ರತಿಯನ್ನು, ವೈಟ್ನರ್ ಬಳಿದವರ ವಿವರಣೆಯೊಂದಿಗೆ, ಕೊಡಬೇಕು. ಶುಲ್ಕವಿಲ್ಲದೆ ಎರಡೂ ಕಡೆಯ ನೀರನ್ನು ಮತ್ತೆ ಪರೀಕ್ಷಿಸಬೇಕು. ಮಾದರಿ ತರುವಾಗ ಈ ಬಾರಿ ಜೀಪಿನಲ್ಲಿ ನಾನೂ ಬರುತ್ತೇನೆ. ನಿಮ್ಮ ಸಿಬ್ಬಂದಿ ನನ್ನೆದುರು ಸಮಯ, ಉಷ್ಣತೆ, ಸೀಲಿನ ಸ್ಥಿತಿ ಬರೆದು, ‘ಸು’ ಎಂದರೆ ಯಾವ ಸಂಖ್ಯೆ, ‘ಟಾ’ ಎಂದರೆ ಯಾವ ಸಂಖ್ಯೆ ಎಂದು ಒಂದೇ ಸಾಲಿನಲ್ಲಿ ಜೋಡಿಸಿ, ಸಂಖ್ಯೆಯನ್ನು ಬಾಟಲಿಯ ಮೈಮೇಲೆ ಅಂಟಿಸಿ, ನಮ್ಮ ಹಾಳೆಗೆ ಸಹಿ ಹಾಕಬೇಕು. ಇದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ.

ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬರಲಿ. ಬಾರದಿದ್ದರೆ ನಿಮಗೆ ಮಾನ್ಯತೆ ಕೊಟ್ಟ ಸಂಸ್ಥೆಗೆ ಇದೇ ಪತ್ರದ ಪ್ರತಿಯನ್ನು ಕಳುಹಿಸುತ್ತೇನೆ. ಸಹಿಯಿಲ್ಲದ ಹಸ್ತಾಂತರ ಹಾಳೆಯ ನಕಲನ್ನು ಲಗತ್ತಿಸಿದ್ದೇನೆ. ಮೂಲ ಪ್ರತಿ ನನ್ನಲ್ಲಿದೆ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ