ಕಾಸಿನ ಸರ ತೆಗೆಯಿರಿ ಅಂದರೆ ಕರಿಮಣಿಯನ್ನೂ ತೆಗೆದ ಬಗ್ಗೆ ದೂರು

ಇವರಿಗೆ,
ಮಾಲೀಕರು,
ಫೋಟೊ ಸ್ಟುಡಿಯೊ ಮತ್ತು ಕಲರ್ ಲ್ಯಾಬ್,
ಹಾಸನ

ವಿಷಯ: ನಮ್ಮ ತಾಯಿಯ ಫೋಟೊ ಕೆಡಿಸಿ, ಸರಿ ಮಾಡದೆ, ಪೂರ್ತಿ ಹಣ ಕೇಳುತ್ತಿರುವ ಬಗ್ಗೆ

ಮಾನ್ಯರೆ,

ಎಂಟು ಸಲ ಫೋನ್ ಮಾಡಿದ್ದೇನೆ. ಮೂರು ಸಲ ಅಂಗಡಿಗೇ ಬಂದಿದ್ದೇನೆ. ಇನ್ನು ಬಾಯಿಮಾತು ಸಾಕು ಅಂತ ಈ ಪತ್ರ. ಸಿಟ್ಟು ಮಾಡಿಕೊಳ್ಳದೆ ಬರೆಯಬೇಕು ಅಂತ ಕೂತಿದ್ದೇನೆ. ನೋಡೋಣ.

ಬರುವ ತಿಂಗಳು 14ಕ್ಕೆ ನಮ್ಮ ಅಮ್ಮ ತೀರಿಕೊಂಡು ವರ್ಷ ಆಗುತ್ತದೆ. ಅವತ್ತಿನ ಕಾರ್ಯಕ್ಕೆ 12x18 ಇಂಚಿನ ಫೋಟೊ ಬೇಕಿತ್ತು. ಅಮ್ಮನ ಮುಖ ಚೆನ್ನಾಗಿ ಬಂದಿರುವುದು ಒಂದೇ ಒಂದು ಫೋಟೊದಲ್ಲಿ, ತಮ್ಮನ ಮದುವೆಯ ಆರತಕ್ಷತೆಯದು. ಅವತ್ತು ಅವರ ಕತ್ತಲ್ಲಿ ಇದ್ದದ್ದು ನಮ್ಮ ಸೋದರತ್ತೆಯ ಕಾಸಿನ ಸರ. ಊಟ ಆದ ತಕ್ಷಣ ಬಿಚ್ಚಿ ವಾಪಸ್ ಕೊಟ್ಟರು. "ಬೇರೆಯವರ ಒಡವೆ ಹಾಕ್ಕೊಂಡ ಫೋಟೊನ ಗೋಡೆಗೆ ಹಾಕಬೇಡ ಕಣೆ" ಅಂತ ಆಮೇಲೆ ಅವರೇ ಹೇಳಿದ್ದರು. ಅದಕ್ಕೇ ಆರ್ಡರ್ ಫಾರ್ಮಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ: ಕಾಸಿನ ಸರ ಮಾತ್ರ ತೆಗೆಯಬೇಕು, ಕರಿಮಣಿ ಇರಬೇಕು.

ನಾನೂ 11 ವರ್ಷ ಡಿಟಿಪಿ ಮಾಡಿದವಳು. ಮದುವೆ ಕಾರ್ಡು, ಶ್ರದ್ಧಾಂಜಲಿ ಬ್ಯಾನರು, ಎಲ್ಲ ಮಾಡಿದ್ದೇನೆ. ಹಾಗಾದರೆ ನೀವೇ ಮಾಡಿಕೊಳ್ಳಬಹುದಿತ್ತಲ್ವಾ ಅಂತ ನಿಮ್ಮ ಹುಡುಗ ಕೇಳಿದ. ಅಮ್ಮನ ಕತ್ತನ್ನು 300 ಪರ್ಸೆಂಟ್ ಜೂಮ್ ಮಾಡಿಕೊಂಡು ಗಂಟೆಗಟ್ಟಲೆ ಕೂರಲು ನನ್ನಿಂದ ಆಗಲಿಲ್ಲ. ಮೂರು ಸಲ ಫೈಲ್ ತೆರೆದು ಮುಚ್ಚಿದೆ. ಅದಕ್ಕೇ ನಿಮಗೆ ದುಡ್ಡು ಕೊಟ್ಟಿದ್ದು. ಒಟ್ಟು 3,200 ರೂಪಾಯಿ, ಅದರಲ್ಲಿ 1,500 ಮುಂಗಡ.

ನಿಮ್ಮ ರಸೀದಿಯ ಹಿಂದೆ ಏನಿದೆ ಅಂತ ನಿಮಗೆ ಹೇಳಬೇಕಾಗಿಲ್ಲ, ನೀವೇ ಅಚ್ಚು ಹಾಕಿಸಿದ್ದು. ಪ್ರಿಂಟಿಗೆ ಮುಂಚೆ ಪ್ರೂಫ್ ತೋರಿಸಿ ಒಪ್ಪಿಗೆ ಪಡೆಯಲಾಗುವುದು. ಎರಡು ಸಲ ತಿದ್ದುಪಡಿ ಉಚಿತ. ನಾನು ಇದನ್ನೇ ನಂಬಿಕೊಂಡು ಕೂತಿದ್ದೆ.

ಮೊದಲ ಪ್ರೂಫ್ ಹತ್ತು ದಿನಕ್ಕೆ ಬಂತು. ಸರ ಹೋಗಿತ್ತು, ಸರದ ನೆರಳು ಹೋಗಿರಲಿಲ್ಲ! ಕತ್ತಿನ ಸುತ್ತ ಒಂದೊಂದು ಕಾಸಿನ ಕೆಳಗೂ ಅರ್ಧಚಂದ್ರದ ಹಾಗೆ ಕಪ್ಪು ಗುರುತು, ಸಾಲಾಗಿ. ದವಡೆಯ ಕೆಳಗೆ ಹಳದಿ ಛಾಯೆ ಬೇರೆ. ಅದು ಅರಿಶಿನ ಅಲ್ಲ. ಫ್ಲ್ಯಾಶ್ ಬೆಳಕು ಚಿನ್ನಕ್ಕೆ ಬಡಿದು ಚರ್ಮದ ಮೇಲೆ ಬೀಳುವ ಬಣ್ಣ. ಸರ ತೆಗೆದಮೇಲೆ ಅದು ಬಿಟ್ಟುಹೋದ ನೆರಳನ್ನೂ ಬಣ್ಣವನ್ನೂ ತೆಗೆಯಬೇಕು ಅಂತ ನಿಮ್ಮ ಲ್ಯಾಬಿನವರಿಗೆ ನಾನು ಹೇಳಿಕೊಡಬೇಕಾಯಿತು. ನೆರಳಿನ ಜಾಗದಲ್ಲಿ ಚರ್ಮ ಹಾಗೇ ಇರುತ್ತೆ, ರಂಧ್ರ, ಗೆರೆ ಎಲ್ಲ ಫೈಲಿನಲ್ಲೇ ಇರುತ್ತೆ. ಕರ್ವ್ಸ್ ಲೇಯರ್ ಹಾಕಿ, ಅಲ್ಲಿ ಮಾತ್ರ ಮಾಸ್ಕ್ ಮಾಡಿ ಬೆಳಕನ್ನು ಮೆಲ್ಲಗೆ ಎತ್ತಿದರೆ ಸಾಕು. ಹೊಸದಾಗಿ ಕಟ್ಟಬೇಕಾಗಿರುವುದು ಕಾಸು ನೇರವಾಗಿ ಮುಚ್ಚಿದ್ದ ಜಾಗ ಮಾತ್ರ. ಕಾಸಿಗೂ ಕಾಸಿಗೂ ನಡುವೆ ಕಾಣುವ ಚರ್ಮ ಅಮ್ಮನದೇ. ಅದನ್ನು ಮುಟ್ಟಬೇಡಿ ಅಂತಲೂ ಹೇಳಿದ್ದೆ.

ಎರಡನೇ ಪ್ರೂಫ್ ನೋಡಲು ಬಂದ ದಿನದ ಮಾತನ್ನು ನೀವು ಕೇಳಲೇಬೇಕು. ಅವತ್ತು ನೀವು ಅಂಗಡಿಯಲ್ಲಿ ಇರಲಿಲ್ಲ. "ಮಾಲೀಕರು ಅರಸೀಕೆರೆಗೆ ಹೋಗಿದ್ದಾರೆ" ಅಂದರು. ಶನಿವಾರ, ಬೆಳಿಗ್ಗೆ ಹನ್ನೊಂದೂವರೆ. ಕೌಂಟರ್ ಮುಂದೆ ಪಾಸ್‌ಪೋರ್ಟ್ ಫೋಟೊಗೆ ಬಂದ ಐದಾರು ಜನ. ನಿಮ್ಮ ಹುಡುಗ ಅಮ್ಮನ ಫೋಟೊವನ್ನು ಗಿರಾಕಿಗಳ ಕಡೆ ಮುಖ ಮಾಡಿದ್ದ ದೊಡ್ಡ ಸ್ಕ್ರೀನಿನಲ್ಲಿ ತೆರೆದ.

ಮೊದಲು ನನಗೆ ಕಂಡದ್ದು ಮಚ್ಚೆ. ಅಮ್ಮನಿಗೆ ಬಲಗಡೆ ಕತ್ತಿನ ಮೂಳೆಯ ಕೆಳಗೆ ಒಂದು ಮಚ್ಚೆ ಇತ್ತು. ಒಂದು. ಸ್ಕ್ರೀನಿನಲ್ಲಿ ಮೂರು ಇದ್ದವು, ಮೂರೂ ಒಂದೇ ಆಕಾರ, ಮೂರಕ್ಕೂ ಪಕ್ಕದಲ್ಲಿ ಅದೇ ಒಂದು ಚಿಕ್ಕ ಕೂದಲು. ಕಂಟೆಂಟ್ ಅವೇರ್ ಫಿಲ್ ಒತ್ತಿ ಟೀ ಕುಡಿಯಲು ಹೋದರೆ ಹೀಗೇ ಆಗುವುದು. ಅದಕ್ಕೆ ಮಚ್ಚೆ ಯಾವುದು, ಚರ್ಮ ಯಾವುದು ಗೊತ್ತಾಗಲ್ಲ. ಹತ್ತಿರ ಏನು ಸಿಕ್ಕಿತೋ ಅದನ್ನು ತಂದು ತುಂಬುತ್ತೆ.

"ಮಚ್ಚೆ ಒಂದೇ ಇರಬೇಕು ಕಣಪ್ಪ" ಅಂದೆ.

"ಮಚ್ಚೆ ಇದ್ದರೆ ಲಕ್ಷಣ ಅಲ್ವಾ ಆಂಟಿ" ಅಂದ. ಪಾಸ್‌ಪೋರ್ಟ್ ಫೋಟೊದವರಲ್ಲಿ ಒಬ್ಬರು ನಕ್ಕರು.

ಆಮೇಲೆ ಕೆಳಗೆ ನೋಡಿದೆ. ಕರಿಮಣಿ ಇರಲಿಲ್ಲ.

"ಕರಿಮಣಿ ಎಲ್ಲಿ?" ಅಂತ ಕೇಳಿದೆ.

"ಸರ ತೆಗೀಬೇಕು ಅಂದಿದ್ರಲ್ಲ. ಎಲ್ಲಾ ನೀಟಾಗಿ ತೆಗೆದಿದೀವಿ."

ಫಾರ್ಮಿನಲ್ಲಿ ಬರೆದದ್ದನ್ನು ತೋರಿಸಿದೆ. ಅವನು ಓದಿದ, ನಿಧಾನವಾಗಿ, ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ. ಓದಿ ಮುಗಿಸಿ, "ಅಲ್ಲ ಆಂಟಿ, ಎಲ್ಲರೂ ಬಂದು ಫೋಟೊಗೆ ಚಿನ್ನ ಹಾಕಿಕೊಡಿ ಅಂತಾರೆ. ನೀವೊಬ್ಬರೇ ತೆಗೀರಿ ಅಂತಿದೀರ. ಯಾಕೆ, ಅದೇನು ಬಾಡಿಗೆ ಒಡವೆನಾ?" ಅಂದ.

ನಾನು ಉತ್ತರ ಕೊಡಲಿಲ್ಲ. ಅವನು ಬಿಡಲಿಲ್ಲ. "ಅಡವಿಟ್ಟಿದ್ದು ಬಿಡಿಸ್ಕೊಂಡು ಹಾಕ್ಕೊಂಡಿದ್ದಾ?" ಅಂತ ಇನ್ನೊಂದು ಕೇಳಿದ. ಮಗು ಎತ್ತಿಕೊಂಡಿದ್ದ ಹೆಂಗಸು ನನ್ನ ಕತ್ತಿನ ಕಡೆ ನೋಡಿದರು. ನನ್ನ ಕತ್ತಲ್ಲಿ ಅವತ್ತು ಒಂದೆಳೆ ಸರ ಬಿಟ್ಟರೆ ಏನೂ ಇರಲಿಲ್ಲ. ನಾನು ಸುಮ್ನೆ ಸೆರಗು ಹೊದ್ದುಕೊಂಡೆ. ಯಾಕೆ ಹೊದ್ದುಕೊಂಡೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. 1,500 ಕೊಟ್ಟವಳು ನಾನು.

ಕೊನೆಗೆ ಅವನೇ ತೀರ್ಪು ಕೊಟ್ಟ: "ತೀರಿಹೋದವರ ಫೋಟೊ ತಾನೆ, ಯಾರು ಅಷ್ಟು ಹತ್ತಿರದಿಂದ ನೋಡ್ತಾರೆ. ಹಾರ ಹಾಕಿದರೆ ಎಲ್ಲಾ ಮುಚ್ಚಿಹೋಗತ್ತೆ." ಹಾರದಿಂದ ಮುಚ್ಚುವ ಹಾಗಿದ್ದರೆ ಕಾಸಿನ ಸರವನ್ನೂ ಹಾರವೇ ಮುಚ್ಚುತ್ತಿತ್ತಲ್ಲ ಸ್ವಾಮಿ. ನಿಮ್ಮ ಉಪಕಾರ ಯಾಕೆ ಬೇಕಿತ್ತು?

ಆ ಪ್ರೂಫನ್ನು ಮೊಬೈಲಿಗೆ ಹಾಕಿಸಿಕೊಂಡು ಮನೆಗೆ ಬಂದೆ. ಅಪ್ಪನಿಗೆ ತೋರಿಸಬಾರದು ಅಂದುಕೊಂಡಿದ್ದೆ, ಅವರೇ ಕೇಳಿ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಇದೇನಮ್ಮ, ನಾನು ಸತ್ತಿದೀನಾ?" ಅಂದರು. ಅಮ್ಮ ಮುತ್ತೈದೆಯಾಗಿ ಹೋದವರು. ಇದನ್ನು ನಿಮಗೆ ಬಿಡಿಸಿ ಹೇಳಬೇಕಾ?

ಇನ್ನು ಬಟ್ಟೆಯ ವಿಷಯ. ಸರದ ಪದಕ ಸೆರಗಿನ ನೆರಿಗೆಗಳ ಮೇಲೆ ಕೂತಿತ್ತು. ನೀವು ಪದಕ ಅಳಿಸಿ ಅಲ್ಲಿಗೆ ರೇಷ್ಮೆಯ ತುಂಡೊಂದನ್ನು ಅಂಟಿಸಿದ್ದೀರಿ. ಬೆರಳಿಟ್ಟು ಎಣಿಸಿ ನೋಡಿ. ಭುಜದಿಂದ ಮೂರು ನೆರಿಗೆ ಇಳಿಯುತ್ತವೆ, ಪದಕ ಇದ್ದ ಜಾಗ ದಾಟಿದ ಮೇಲೆ ಎರಡೇ ಉಳಿಯುತ್ತವೆ. ಒಂದು ನೆರಿಗೆ ಅಮ್ಮನ ಎದೆಯ ಮೇಲೆ ಮಾಯವಾಗಿದೆ. ರವಿಕೆಯ ಕತ್ತಿನ ಅಂಚು ಎಡಗಡೆ ಗೆರೆ ಎಳೆದ ಹಾಗಿದೆ, ಬಲಗಡೆ ಕಪ್ಪಾಗಿ ಕದಡಿಹೋಗಿದೆ. ಅದು ಹೀಲಿಂಗ್ ಬ್ರಷ್ಷಿನ ಕೆಲಸ. ಆ ಬ್ರಷ್ ಸುತ್ತಲಿನ ಬಣ್ಣ ನೋಡಿಕೊಂಡು ತಾನು ಬೆರೆಯುತ್ತೆ. ಚರ್ಮ ತಿದ್ದುತ್ತಾ ರವಿಕೆಯ ಅಂಚಿಗೆ ತಾಗಿಸಿದರೆ ಮೆರೂನ್ ಬಣ್ಣವನ್ನು ಚರ್ಮದ ಒಳಗೆ ಎಳೆದುಕೊಂಡು ಬರುತ್ತೆ. ಅಂಚಿನ ಉದ್ದಕ್ಕೂ ಸೆಲೆಕ್ಷನ್ ಹಾಕಿಕೊಂಡು ಅದರೊಳಗೆ ಮಾತ್ರ ತಿದ್ದಬೇಕು. ಇದು ಕಲಿಯುವ ಮೊದಲ ವಾರದ ಪಾಠ.

ಕೆಲಸ ಕಷ್ಟ ಇತ್ತು ಅಂತ ನೀವು ಹೇಳಬಹುದು. ಹೌದು, ಇತ್ತು. ಕಾಸುಗಳು ಕರಿಮಣಿಯನ್ನು ಅಲ್ಲಲ್ಲಿ ಮುಚ್ಚಿದ್ದವು. ಕಾಸು ತೆಗೆದರೆ ಅಲ್ಲಿ ಮಣಿಗಳೂ ಇರುವುದಿಲ್ಲ, ಹೊಸದಾಗಿ ಕೂರಿಸಬೇಕು. ಅದಕ್ಕೂ ದಾರಿ ಇದೆ. ಮೊದಲು ಕಾಣುವಷ್ಟು ಕರಿಮಣಿಯನ್ನು ಪೆನ್ ಟೂಲಿನಿಂದ ಕತ್ತರಿಸಿ ಬೇರೆ ಲೇಯರಿನಲ್ಲಿ ಜೋಪಾನ ಮಾಡಬೇಕು. ಆಮೇಲೆ ರವಿಕೆಯ ಅಂಚು ಮತ್ತು ನೆರಿಗೆಯ ಗೆರೆಗಳು. ಗೆರೆ ಸರಿಯಾಗಿ ಕೂತರೆ ಬಟ್ಟೆ ತಾನೇ ನಂಬಿಕೆ ಹುಟ್ಟಿಸುತ್ತೆ. ಅದಾದ ಮೇಲೆ ಚರ್ಮ: ಮೊದಲು ಮೆತ್ತನೆ ಬ್ರಷ್ಷಿನಲ್ಲಿ ಬೆಳಕು ನೆರಳಿನ ಇಳಿಜಾರು, ಅದರ ಮೇಲೆ ಪಕ್ಕದ ಚರ್ಮದಿಂದ ತಂದ ರಂಧ್ರ, ಗೆರೆ. ಬೆಳಕು ಬೀಳುವ ಕಡೆಯ ಚರ್ಮವನ್ನು ಬೆಳಕಿನ ಕಡೆಗೇ ಹಾಕಬೇಕು. ಕೊನೆಗೆ ಮಣಿಗಳನ್ನು ಒಂದೊಂದಾಗಿ ಬಾಗಿನ ಮೇಲೆ ಕೂರಿಸಬೇಕು, ಪ್ರತಿ ಮಣಿಯ ಹೊಳಪಿನ ಚುಕ್ಕೆ ಒಂದೇ ಕಡೆ ಬರುವ ಹಾಗೆ.

ಕತ್ತಿನ ಅಡ್ಡಗೆರೆಗಳು ಎಲ್ಲಿದ್ದವು ಅಂತ ಊಹೆ ಮಾಡುವ ಕಷ್ಟವೂ ನಿಮಗಿರಲಿಲ್ಲ. ಅಮ್ಮ ಬರಿ ಕರಿಮಣಿಯಲ್ಲಿರುವ ನಾಲ್ಕು ಫೋಟೊಗಳನ್ನು ಪೆನ್ ಡ್ರೈವಿನಲ್ಲಿ ಹಾಕಿ ಕವರಿನಲ್ಲಿ ಕೊಟ್ಟಿದ್ದೆ. ಅಮ್ಮನಿಗೆ ಎರಡು ಅಡ್ಡಗೆರೆ, ಕೆಳಗಿನದು ಎಡಕ್ಕೆ ಸ್ವಲ್ಪ ಜಾರಿತ್ತು. ನಿಮ್ಮ ಪ್ರೂಫಿನಲ್ಲಿ ಕತ್ತು ಪಿವಿಸಿ ಪೈಪಿನ ಹಾಗಿದೆ. ಮುಖದಲ್ಲಿ ರಾತ್ರಿಯ ಫೋಟೊದ ಕಾಳುಕಾಳು ಹಾಗೇ ಇದೆ, ಕತ್ತು ಮಾತ್ರ ಮೇಣ ಸವರಿದ ಹಾಗೆ ನುಣುಪು. ಸ್ವಲ್ಪ ನಾಯ್ಸ್ ಸೇರಿಸಿದ್ದರೆ ಹೊಂದುತ್ತಿತ್ತು. ಮೊನ್ನೆ ಕವರ್ ವಾಪಸ್ ಕೊಟ್ಟಿರಿ. ನಾನು ಹೊಡೆದ ಸ್ಟೇಪ್ಲರ್ ಪಿನ್ನು ಹಾಗೇ ಇದೆ. ತೆರೆದೇ ಇಲ್ಲ.

ಇಷ್ಟಾದ ಮೇಲೂ, ನಾನು ಒಪ್ಪಿಗೆ ಕೊಡದೆ ಇದ್ದರೂ, ಅದೇ ಮೂರು ಮಚ್ಚೆಯ ಫೋಟೊವನ್ನು 12x18ಕ್ಕೆ ಪ್ರಿಂಟ್ ಹಾಕಿ, ಫ್ರೇಮ್ ಕಟ್ಟಿ, "ರೆಡಿ ಇದೆ, ಬಾಕಿ 1,700 ತನ್ನಿ" ಅಂತ ಫೋನ್ ಮಾಡಿದಿರಿ. ಮೂರನೇ ಸಲ ತಿದ್ದಬೇಕಾದರೆ 600 ಜಾಸ್ತಿ ಅಂತೆ. ಎರಡನೇ ತಿದ್ದುಪಡಿಯನ್ನೇ ನೀವು ಮಾಡಿಲ್ಲ. ನಿಮ್ಮ ಲೆಕ್ಕ ನಿಮ್ಮ ನೆರಿಗೆ ಲೆಕ್ಕದ ಹಾಗೇ ಇದೆ.

ಏಳು ದಿನ ಕೊಡುತ್ತೇನೆ. ಮುಂಗಡ 1,500 ವಾಪಸ್ ಬೇಕು. ಕೆಲಸವನ್ನು ಬೇರೆಯವರಿಗೆ ಕೊಡುತ್ತೇನೆ. ಕೊಡದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಎಲ್ಲಿದೆ ಅಂತ ನನಗೆ ಗೊತ್ತು. 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಆರ್ಡರ್ ಫಾರ್ಮು, ಎರಡೂ ಪ್ರೂಫು, ಪಿನ್ನು ಬಿಚ್ಚದ ಕವರು, ಎಲ್ಲ ಇಟ್ಟುಕೊಂಡಿದ್ದೇನೆ.

ಅದಕ್ಕಿಂತ ಮುಂಚೆ ಇನ್ನೊಂದು ಮಾಡುತ್ತೇನೆ. ಬರುವ ಶನಿವಾರ ಹನ್ನೊಂದೂವರೆಗೆ ನಮ್ಮ ಅಪ್ಪನನ್ನು ಕರೆದುಕೊಂಡು ನಿಮ್ಮ ಕೌಂಟರಿಗೆ ಬರುತ್ತೇನೆ. ಆ ತಾಳಿ ಕಟ್ಟಿದವರು ಅವರು. ಅದೇ ದೊಡ್ಡ ಸ್ಕ್ರೀನಿನಲ್ಲಿ ಫೋಟೊ ತೆರೆಯಿರಿ. ಅದು ಎಲ್ಲಿ ಹೋಯಿತು ಅಂತ, ಪಾಸ್‌ಪೋರ್ಟ್ ಫೋಟೊಗೆ ಬಂದವರ ಮುಂದೆ, ಅವರೇ ನಿಮ್ಮ ಹುಡುಗನನ್ನು ಕೇಳುತ್ತಾರೆ.

ಇಂತಿ,
ನಿಮ್ಮ ಗಿರಾಕಿ (ಇನ್ನು ಏಳು ದಿನ)